ಸರ್, ಒಂದು ಕಾಲು ಗಂಟೆ ಸಿಗ್ತೀರಾ?

"ಹಾಯ್ ಸರ್." ಹತ್ತು ನಿಮಿಷ ಬಿಟ್ಟು, "ಹೇಗಿದ್ದೀರಾ?" ಇನ್ನೂ ಸ್ವಲ್ಪ ಹೊತ್ತಿನ ಮೇಲೆ, "ಫ್ರೀ ಇದ್ದಾಗ ಹೇಳಿ ಸರ್, ಸ್ವಲ್ಪ ಮಾತಾಡೋದಿತ್ತು."

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಏಳೆಂಟು ವರ್ಷ ಕೆಲಸ ಮಾಡಿದ ಯಾರ ಫೋನ್ ತೆಗೆದು ನೋಡಿದ್ರೂ ಇಂಥ ಮೆಸೇಜುಗಳು ಸಿಗುತ್ತವೆ. ಕಾಲೇಜಿನ ಜೂನಿಯರ್, ಊರಿನ ಪರಿಚಯದವರ ಮಗ, ಹಳೆಯ ಸಹೋದ್ಯೋಗಿ ಹೀಗೆ ಯಾರೋ ಒಬ್ಬರು ಕಳಿಸಿರುತ್ತಾರೆ. ಬಹಳಷ್ಟಕ್ಕೆ ಉತ್ತರ ಹೋಗಿರುವುದಿಲ್ಲ. ಕಳಿಸಿದವರು "ದೊಡ್ಡವರಾಗಿಬಿಟ್ರು, ಈಗ ನಮ್ಮ ಜೊತೆ ಎಲ್ಲಿ ಮಾತಾಡ್ತಾರೆ" ಅಂದುಕೊಳ್ಳುತ್ತಾರೆ. ಆದರೆ ಕಾರಣ ಸಾಮಾನ್ಯವಾಗಿ ಜಂಬ ಅಲ್ಲ. ಆ ಮೆಸೇಜ್ ನೋಡಿ ಏನನ್ನೂ ತೀರ್ಮಾನ ಮಾಡಲಿಕ್ಕೆ ಆಗುವುದಿಲ್ಲ, ಅಷ್ಟೆ.

ಓದುವವರ ಜಾಗದಲ್ಲಿ ನಿಂತು ನೋಡಿ. ವಿಷಯ ಏನು? ಎಷ್ಟು ಹೊತ್ತು? ಕೆಲಸ ಕೊಡಿಸಿ ಅಂತಲೋ, ಸಾಲ ಬೇಕು ಅಂತಲೋ, ಇನ್ಶೂರೆನ್ಸ್ ಪಾಲಿಸಿ ತಗೊಳ್ಳಿ ಅಂತಲೋ? ನಮ್ಮಲ್ಲಿ "ಸ್ವಲ್ಪ ಮಾತಾಡೋದಿತ್ತು" ಅನ್ನುವ ಮಾತು ಈ ಮೂರಕ್ಕೂ ಪೀಠಿಕೆಯಾಗಿ ಬಳಕೆಯಾಗುತ್ತದೆ. "ಹೇಳಿ" ಅಂತ ಒಮ್ಮೆ ಬರೆದರೆ ಆಮೇಲೆ ಇಲ್ಲ ಅನ್ನುವುದು ಕಷ್ಟ. ಹಾಗಾಗಿ ಸಂಜೆ ನೋಡೋಣ ಅಂತ ಬದಿಗಿಡುತ್ತಾರೆ. ಸಂಜೆಯೊಳಗೆ ಅದು ಇನ್ನೂ ನಲವತ್ತು ಮೆಸೇಜಿನ ಕೆಳಗೆ ಹೋಗಿರುತ್ತದೆ.

ಹೋದ ವರ್ಷ ನನ್ನ ಚಿಕ್ಕಪ್ಪನ ಮಗಳಿಗೆ ಇಂಥದ್ದೇ ಸಂದರ್ಭ ಬಂತು. ಹಾಸನದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಕೈಯಲ್ಲಿ ಎರಡು ಆಫರ್ ಲೆಟರ್. ಒಂದು ದೊಡ್ಡ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ, ವರ್ಷಕ್ಕೆ 4.2 ಲಕ್ಷ, ಎರಡು ವರ್ಷದ ಬಾಂಡ್. ಮಧ್ಯದಲ್ಲಿ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು. ಇನ್ನೊಂದು ಚಿಕ್ಕ ಕಂಪನಿಯಲ್ಲಿ ಡೆವಲಪ್‌ಮೆಂಟ್, 3.6 ಲಕ್ಷ, ಬಾಂಡ್ ಇಲ್ಲ. ಸೋಮವಾರದೊಳಗೆ ಒಂದಕ್ಕೆ ಒಪ್ಪಿಗೆ ಕೊಡಬೇಕು. ಚಿಕ್ಕಪ್ಪನಿಗೆ ದೊಡ್ಡ ಕಂಪನಿಯ ಹೆಸರೇ ಧೈರ್ಯ, ಮಗಳಿಗೆ ಬಾಂಡೇ ಭಯ. ಅವಳ ಕಾಲೇಜಿನಲ್ಲೇ ಓದಿದ ಸೀನಿಯರ್ ಒಬ್ಬರು ಟೆಸ್ಟಿಂಗ್‌ನಲ್ಲಿ ಶುರು ಮಾಡಿ ಡೆವಲಪ್‌ಮೆಂಟ್‌ಗೆ ಬಂದು ಈಗ ಮ್ಯಾನೇಜರ್ ಆಗಿದ್ದಾರೆ. ಅವರನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ ಅಂತ ಗೊತ್ತು. ಆದರೆ ಮುಖಪರಿಚಯ ಇಲ್ಲ.

ಅವಳು ಮೊದಲು ಬರೆದಿಟ್ಟಿದ್ದು ಹೀಗೆ: "ನಮಸ್ತೆ ಸರ್, ನಾನು ನಿಮ್ಮ ಕಾಲೇಜ್ ಜೂನಿಯರ್. ನನ್ನ ಕೆರಿಯರ್ ಬಗ್ಗೆ ನಿಮ್ಮ ಗೈಡೆನ್ಸ್ ಬೇಕಿತ್ತು. ನಿಮಗೆ ಯಾವಾಗ ಫ್ರೀ ಇರುತ್ತೆ?" ಮರ್ಯಾದೆಗೆ ಇದರಲ್ಲಿ ಏನೂ ಕೊರತೆ ಇಲ್ಲ. ಆದರೆ "ಗೈಡೆನ್ಸ್" ಅಂದರೆ ಹತ್ತು ನಿಮಿಷವೂ ಆಗಬಹುದು, ಎರಡು ವರ್ಷವೂ ಆಗಬಹುದು. "ಯಾವಾಗ ಫ್ರೀ" ಅಂದರೆ ಕ್ಯಾಲೆಂಡರ್ ತೆಗೆದು ಹುಡುಕುವ ಕೆಲಸ ಸಹಾಯ ಮಾಡುವವರ ತಲೆಗೇ ಬಂತು.

ಇಬ್ಬರೂ ಕೂತು ತಿದ್ದಿದ ಮೇಲೆ ಅದು ಹೀಗಾಯ್ತು:

"ನಮಸ್ತೆ ಸರ್. ನಾನು ನಿಮ್ಮ ಕಾಲೇಜಿನಲ್ಲೇ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದಲ್ಲಿದ್ದೇನೆ. ಎರಡು ಆಫರ್ ಇವೆ: ಒಂದು ಟೆಸ್ಟಿಂಗ್, 4.2 ಲಕ್ಷ, ಎರಡು ವರ್ಷದ ಬಾಂಡ್. ಇನ್ನೊಂದು ಡೆವಲಪ್‌ಮೆಂಟ್, 3.6 ಲಕ್ಷ, ಬಾಂಡ್ ಇಲ್ಲ. ಸೋಮವಾರದೊಳಗೆ ತಿಳಿಸಬೇಕು. ನೀವು ಟೆಸ್ಟಿಂಗ್‌ನಿಂದ ಡೆವಲಪ್‌ಮೆಂಟ್‌ಗೆ ಬಂದವರು ಅಂತ ನಿಮ್ಮ ಪ್ರೊಫೈಲ್‌ನಲ್ಲಿ ನೋಡಿದೆ. ಆ ಬದಲಾವಣೆ ಎಷ್ಟು ಕಷ್ಟ ಅಂತ ಕೇಳಲು 15 ನಿಮಿಷ ಫೋನಿನಲ್ಲಿ ಸಿಗ್ತೀರಾ? ಗುರುವಾರ ಅಥವಾ ಶುಕ್ರವಾರ ಮಧ್ಯಾಹ್ನ 1ರಿಂದ 2, ಇಲ್ಲವೇ ರಾತ್ರಿ 8ರ ಮೇಲೆ ನನಗೆ ಅನುಕೂಲ. ರೆಫರಲ್ ಕೇಳಲು ಅಲ್ಲ. ಪುರುಸೊತ್ತಿಲ್ಲದಿದ್ದರೆ ಒಂದೆರಡು ಸಾಲು ಬರೆದರೂ ಸಾಕು."

ಉದ್ದ ಜಾಸ್ತಿ ಆಯ್ತಲ್ಲ ಅನ್ನಿಸಬಹುದು. ಆದರೆ ಓದಲು ಅರ್ಧ ನಿಮಿಷ ಸಾಕು, ಓದಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಬೇಕಾಗಿಲ್ಲ. ಯಾರು, ಏನು, ನನ್ನನ್ನೇ ಯಾಕೆ, ಎಷ್ಟು ಹೊತ್ತು, ಯಾವಾಗ, ಯಾವುದರೊಳಗೆ, ಎಲ್ಲವೂ ಅಲ್ಲೇ ಇದೆ. ಕೊನೆಯ ಸಾಲು ಮುಖ್ಯ. ಇಲ್ಲ ಅನ್ನಲು ದಾರಿ ಬಿಟ್ಟುಕೊಟ್ಟರೆ ಹೂಂ ಅನ್ನುವುದು ಸುಲಭವಾಗುತ್ತದೆ. ನಿಮ್ಮ ಮೆಸೇಜ್ ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇದೆ: ಓದಿದವರು ಬೇಕಿದ್ದರೆ ಫೋನ್ ಮಾಡದೆಯೇ ಎರಡು ಸಾಲಿನಲ್ಲಿ ಉತ್ತರ ಬರೆಯುವಂತಿರಬೇಕು. ಹಾಗೆ ಬರೆಯಲು ಆಗದಿದ್ದರೆ ನಿಮ್ಮ ಪ್ರಶ್ನೆ ಇನ್ನೂ ಪ್ರಶ್ನೆಯಾಗಿಲ್ಲ ಅಂತ ಅರ್ಥ.

ಹದಿನೈದು ನಿಮಿಷವೇ ಯಾಕೆ? "ಐದೇ ನಿಮಿಷ ಸರ್" ಅಂದರೆ ಯಾರೂ ನಂಬುವುದಿಲ್ಲ. ಫೋನಿನಲ್ಲಿ ಊರು, ಕಾಲೇಜು ವಿಚಾರಿಸಿಕೊಳ್ಳುವುದರಲ್ಲೇ ಎರಡು ನಿಮಿಷ ಕಳೆಯುತ್ತದೆ, ಐದು ಇಪ್ಪತ್ತಾಗುವುದು ಎಲ್ಲರಿಗೂ ಗೊತ್ತು. ಅರ್ಧ ಗಂಟೆ ಅಂದರೆ ಅದು ಒಂದು ಮೀಟಿಂಗ್, ಅದಕ್ಕೆ ಕ್ಯಾಲೆಂಡರಿನಲ್ಲಿ ಜಾಗ ಮಾಡಬೇಕು, ಏನೋ ಒಂದನ್ನು ಸರಿಸಬೇಕು. ಕಾಲು ಗಂಟೆ ಹಾಗಲ್ಲ. ಊಟ ಮುಗಿಸಿ ಸೀಟಿಗೆ ವಾಪಸ್ ಬರುವ ಮುಂಚೆ, ಕ್ಯಾಬ್‌ನಲ್ಲಿ ಸಿಗ್ನಲ್ ದಾಟುತ್ತಾ, ಎರಡು ಮೀಟಿಂಗ್ ನಡುವೆ, ಏನನ್ನೂ ಸರಿಸದೆ ಸಿಗುವ ಹೊತ್ತು ಅದು.

ಯಾವ ಹೊತ್ತು ಕೇಳುತ್ತೇವೆ ಅನ್ನುವುದೂ ಮುಖ್ಯ. ಅಮೆರಿಕದ ಪ್ರೋಗ್ರಾಮರ್ ಮತ್ತು ಲೇಖಕ ಪೌಲ್ ಗ್ರಹಾಂ 2009ರಲ್ಲಿ ಬರೆದ ಒಂದು ಪ್ರಬಂಧ ನಮ್ಮ ಫೀಲ್ಡಿನಲ್ಲಿ ತುಂಬಾ ಓದಿಸಿಕೊಂಡಿದೆ. ಮ್ಯಾನೇಜರುಗಳ ದಿನ ಗಂಟೆಗಂಟೆಯ ತುಂಡುಗಳಾಗಿರುತ್ತದೆ, ಕೋಡ್ ಬರೆಯುವವರಿಗೋ ಕತೆ ಬರೆಯುವವರಿಗೋ ಕಡಿಮೆಯೆಂದರೂ ಅರ್ಧ ದಿನದ ತುಂಡು ಬೇಕು ಅನ್ನುವುದು ಅವರ ವಾದ. ಮಧ್ಯಾಹ್ನ ಮೂರಕ್ಕೆ ಒಂದು ಸಣ್ಣ ಮೀಟಿಂಗ್ ಇದ್ದರೂ ಅಂಥವರಿಗೆ ಇಡೀ ಮಧ್ಯಾಹ್ನ ಎರಡು ಹೋಳಾಗುತ್ತದೆ. ಆದ್ದರಿಂದ ಕೇಳುವ ಕಾಲು ಗಂಟೆ ದಿನದ ಅಂಚಿನಲ್ಲಿರಲಿ: ಕೆಲಸ ಶುರುವಾಗುವ ಮುಂಚೆ, ಊಟದ ಹೊತ್ತಿಗೆ, ಇಲ್ಲವೇ ಸಂಜೆ. ಅವರು ಕ್ಯಾಲಿಫೋರ್ನಿಯಾದಲ್ಲಿದ್ದರೆ ಎರಡೂ ಕಡೆಯ ಸಮಯ, ವಾರ ಬರೆಯಿರಿ. ಅಲ್ಲಿ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನಮ್ಮ ಶನಿವಾರ ಬೆಳಿಗ್ಗೆ 9 ಅಂದರೆ ಅವರಿಗೆ ಶುಕ್ರವಾರ ರಾತ್ರಿ 8.30. ಚಳಿಗಾಲದಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗಿ ಅದೇ 7.30 ಆಗುತ್ತದೆ.

ಚಿಕ್ಕಪ್ಪನ ಮಗಳಿಗೆ ಅದೇ ರಾತ್ರಿ ಉತ್ತರ ಬಂತು. "ಗುರುವಾರ 1.30ಕ್ಕೆ ಮಾಡಮ್ಮ."

ಇನ್ನು ಕಾಲು ಗಂಟೆಯನ್ನು ಬಳಸುವ ಬಗೆ. ಹದಿನೈದರಲ್ಲಿ ಎರಡು ಪ್ರಶ್ನೆಗೆ ಮಾತ್ರ ಜಾಗ ಇದೆ. ಮೊದಲ ಎರಡು ನಿಮಿಷ ಪರಿಚಯ, ಮುಂದಿನ ಹತ್ತು ಪ್ರಶ್ನೆಗೆ, ಕೊನೆಯ ಮೂರು ಮುಗಿಸಲಿಕ್ಕೆ. ಕೆಡುವುದು ಸಾಮಾನ್ಯವಾಗಿ ಆರಂಭದಲ್ಲೇ. ಪಿಯುಸಿಯಲ್ಲಿ ಎಷ್ಟು ಮಾರ್ಕ್ಸ್ ಬಂತು, ಸಿಇಟಿಯಲ್ಲಿ ಯಾಕೆ ಬೇರೆ ಬ್ರಾಂಚ್ ಸಿಗಲಿಲ್ಲ ಅಂತ ಕತೆ ಶುರುವಾದರೆ ಪ್ರಶ್ನೆ ಬರುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ಐದು ನಿಮಿಷ ಆದರೂ ನಿಮ್ಮ ಮೊದಲ ಪ್ರಶ್ನೆ ಬಾಯಿಂದ ಬಂದಿಲ್ಲ ಅಂದರೆ ಕತೆಯನ್ನು ಅಲ್ಲೇ ನಿಲ್ಲಿಸಿ ಪ್ರಶ್ನೆಗೆ ಬನ್ನಿ.

ಅವಳು ಆಫರ್ ಲೆಟರುಗಳನ್ನು ಮುಂದಿಟ್ಟುಕೊಂಡು ಕೂತಿದ್ದಳು. ಅವರು ಕೇಳಿದ ಮೊದಲ ಮಾತೇ "ಟೆಸ್ಟಿಂಗ್ ಅಂದ್ರೆ ಮ್ಯಾನುಯಲ್ಲಾ, ಆಟೊಮೇಷನ್ನಾ?" ಲೆಟರಿನಲ್ಲಿ ಅದು ಇರಲಿಲ್ಲ. ಅವರು ವಿವರಿಸಿದರು: ಕೋಡ್ ಬರೆದು ಟೆಸ್ಟ್ ಮಾಡುವ ಕೆಲಸವಾದರೆ ಆಮೇಲೆ ಡೆವಲಪ್‌ಮೆಂಟ್‌ಗೆ ಬರಬಹುದು, ಬರೀ ಸ್ಕ್ರೀನ್ ನೋಡಿ ಒತ್ತಿ ಪರೀಕ್ಷಿಸುವ ಕೆಲಸವಾದರೆ ಎರಡು ವರ್ಷದ ನಂತರ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. "ಎಚ್‌ಆರ್‌ಗೆ ಮೇಲ್ ಹಾಕಿ ಅದನ್ನ ಬರವಣಿಗೆಯಲ್ಲಿ ಕೇಳು. ಚಿಕ್ಕ ಕಂಪನಿಯವರನ್ನ, ನಾನು ಬರೆದ ಕೋಡ್ ನೋಡಿ ತಿದ್ದೋರು ಯಾರು, ಅವರಿಗೆ ಎಷ್ಟು ವರ್ಷ ಅನುಭವ ಅಂತ ಕೇಳು" ಅಂದರು. ಯಾವುದಕ್ಕೆ ಸೇರು ಅಂತ ಅವರು ಹೇಳಲೇ ಇಲ್ಲ. ಆದರೆ ತೀರ್ಮಾನಕ್ಕೆ ಬೇಕಾದ ಎರಡು ಪ್ರಶ್ನೆ ಅವಳ ಕೈಗೆ ಬಂತು.

ಹದಿಮೂರನೇ ನಿಮಿಷಕ್ಕೆ ಅವಳೇ "ಸರ್, ನಾನು ಕೇಳಿದ ಹೊತ್ತು ಮುಗೀತಾ ಬಂತು" ಅಂದಳು. ಅವರು "ಪರವಾಗಿಲ್ಲ, ಬಾಂಡ್ ಕ್ಲಾಸ್ ಓದು ಒಂದ್ಸಲ" ಅಂತ ಇನ್ನೂ ಏಳು ನಿಮಿಷ ಕೊಟ್ಟರು. ಸಮಯ ಮುಗಿಯಿತು ಅಂತ ಹೇಳುವುದು ಕೇಳಿದವರ ಕೆಲಸ, ಮುಂದುವರಿಸುವುದು ಕೊಟ್ಟವರ ಇಷ್ಟ. ನೀವು ಸುಮ್ಮನಿದ್ದು ಅರ್ಧ ಗಂಟೆಗೆ ಎಳೆದರೆ ಮುಂದಿನ ಸಲ ನಿಮ್ಮ 15ನ್ನೂ ಅವರು ಅನುಮಾನದಿಂದಲೇ ನೋಡುತ್ತಾರೆ.

ಎಲ್ಲವೂ ಕಾಲು ಗಂಟೆಗೆ ಹಿಡಿಸುವುದಿಲ್ಲ. ರೆಸ್ಯೂಮ್ ಪೂರ್ತಿ ತಿದ್ದಿಸಿಕೊಳ್ಳುವುದು, ಒಂದು ವಿಷಯ ಕಲಿಯುವುದು, ಮನಸ್ಸಿನ ದುಃಖ ಹೇಳಿಕೊಳ್ಳುವುದು, ಇವುಗಳಿಗೆ 15 ಅಂತ ಹೇಳುವುದೇ ಸುಳ್ಳಾಗುತ್ತದೆ. ಹಾಗೇ ಸಲಹೆ ಅಂತ ಕರೆದು ಹತ್ತನೇ ನಿಮಿಷಕ್ಕೆ "ನಿಮ್ಮ ಕಂಪನಿಲಿ ಏನಾದ್ರೂ..." ಅಂತ ತೆಗೆಯುವುದೂ ಸರಿಯಲ್ಲ. ರೆಫರಲ್ ಬೇಕಿದ್ದರೆ ಫೋನೇ ಬೇಡ. ಹುದ್ದೆಯ ನಂಬರ್, ರೆಸ್ಯೂಮ್ ಎರಡನ್ನೂ ಕಳಿಸಿ ನೇರ ಕೇಳಿ. ಉತ್ತರ ಬರದಿದ್ದರೆ ಮೂರು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ, ಗಡುವು ಹತ್ತಿರವಿದ್ದರೆ ಅಷ್ಟರಲ್ಲೇ ಇನ್ನೊಬ್ಬರನ್ನು ಕೇಳಿ.

ಮನೆಯವರ ಹತ್ತಿರ ನಿಮಿಷದ ಲೆಕ್ಕ ಒರಟಾಗಿ ಕೇಳುತ್ತದೆ. ದೊಡ್ಡಪ್ಪನಿಗೆ "15 ನಿಮಿಷ ಕೊಡಿ" ಅಂದರೆ "ಏನಪ್ಪಾ, ಆಫೀಸಾ ಇದು?" ಅಂದಾರು. ಅಲ್ಲಿ ನಮ್ಮ ಭಾಷೆಯೇ ಸಹಾಯಕ್ಕೆ ಬರುತ್ತದೆ: "ದೊಡ್ಡಪ್ಪ, ಊಟ ಆದ್ಮೇಲೆ ಒಂದು ಕಾಲು ಗಂಟೆ ಕೂತ್ಕೋತೀರಾ? ಸೈಟಿನ ಖಾತೆ ವಿಷಯ ಒಂದು ಕೇಳೋದಿತ್ತು." ಹೊತ್ತು, ಉದ್ದೇಶ ಎರಡೂ ಇದರಲ್ಲಿವೆ. ಮಗುವಿನ ಕ್ಲಾಸ್ ಟೀಚರಿಗೂ ಇದೇ ಸಾಕು: "ಮಿಸ್, ಗಣಿತದ ಟೆಸ್ಟ್ ಪೇಪರ್ ತೋರಿಸಿ, ಮಗು ಎಲ್ಲಿ ಎಡವುತ್ತಿದೆ ಅಂತ ತಿಳ್ಕೊಳ್ಳೋಕೆ ಶನಿವಾರ ಶಾಲೆ ಬಿಟ್ಟ ಮೇಲೆ ಕಾಲು ಗಂಟೆ ಸಿಗ್ತೀರಾ?" ಆಗ ಅವರೂ ಪೇಪರ್ ತೆಗೆದಿಟ್ಟುಕೊಂಡಿರುತ್ತಾರೆ.

ನನ್ನ ತಂಗಿಯ ಮೇಲ್‌ಗೆ ದೊಡ್ಡ ಕಂಪನಿಯಿಂದ ಬಂದ ಉತ್ತರ: ಮೊದಲ ವರ್ಷ ಮ್ಯಾನುಯಲ್, ಆಮೇಲೆ ಪ್ರಾಜೆಕ್ಟ್ ನೋಡಿಕೊಂಡು. ಚಿಕ್ಕ ಕಂಪನಿಯವರು ಹತ್ತು ವರ್ಷ ಅನುಭವದ ಇಬ್ಬರು ಕೋಡ್ ನೋಡುತ್ತಾರೆ ಅಂದರು. ಆ ಎರಡು ಮೇಲ್‌ಗಳನ್ನು ಚಿಕ್ಕಪ್ಪನಿಗೆ ಓದಿ ಹೇಳಿದಳು. ಭಾನುವಾರ ರಾತ್ರಿ ಅವರು ಒಪ್ಪಿದರು, ಸೋಮವಾರ ಚಿಕ್ಕ ಕಂಪನಿಗೆ ಹೂಂ ಅಂದಳು. ಅದೇ ದಿನ ಆ ಸೀನಿಯರ್‌ಗೂ ಎರಡು ಸಾಲು ಬರೆದಳು: ಏನು ಕೇಳಿದೆ, ಏನು ಉತ್ತರ ಬಂತು, ಎಲ್ಲಿಗೆ ಸೇರುತ್ತಿದ್ದೇನೆ. ಕೊಟ್ಟ ಕಾಲು ಗಂಟೆ ಏನಾಯ್ತು ಅಂತ ಅವರಿಗೂ ಗೊತ್ತಾಗಬೇಕಲ್ಲ.