ದೀರ್ಘ ವಿಡಿಯೋಗೆ ಅಧ್ಯಾಯಸೂಚಿ: ಯಂತ್ರೋತ್ಪಾದಕರು ಗಮನಿಸಬೇಕಾದ ಅಂಶಗಳು

ಹೊಳಲ್ಕೆರೆ, ಹೊಸದುರ್ಗ ಹಾಗೂ ಭೀಮಸಮುದ್ರದ ಬೆಳೆಗಾರರಿಗೆ ಅಡಿಕೆ ಸುಲಿಯುವ ಯಂತ್ರವನ್ನು ಪೂರೈಸುವ ಉತ್ಪಾದಕರೊಬ್ಬರು ಅದರ ಜೋಡಣೆ, ನಿರ್ವಹಣೆಗಳನ್ನು ವಿವರಿಸುವ 48 ನಿಮಿಷಗಳ ವಿಡಿಯೋವನ್ನು ಯೂಟ್ಯೂಬಿಗೆ ಏರಿಸಿದ್ದಾರೆಂದು ಭಾವಿಸೋಣ. ಸುಗ್ಗಿಯಲ್ಲಿ ಯಂತ್ರಕ್ಕೆ ಕಾಯಿ ಸಿಕ್ಕಿಕೊಂಡಾಗ ಅಷ್ಟನ್ನೂ ನೋಡುವ ವ್ಯವಧಾನ ಯಾರಿಗಿದೆ? ಗಿರಾಕಿ ಫೋನು ಮಾಡುತ್ತಾನೆ, ಇಲ್ಲವೇ ಕೈಯನ್ನೇ ಒಳಗೆ ಹಾಕುತ್ತಾನೆ.

ಇದಕ್ಕೆ ಪ್ರತ್ಯೇಕ ತಂತ್ರಾಂಶ ಬೇಕಿಲ್ಲ. ವಿಡಿಯೋದ ಕೆಳಗಿನ ವಿವರಣೆಯ ಜಾಗದಲ್ಲಿ ಸಮಯ ಮತ್ತು ಶೀರ್ಷಿಕೆಗಳನ್ನು ಸಾಲಾಗಿ ಬರೆದರೆ ಸಾಕು:

```
0:00 ಪರಿಚಯ
2:15 ಯಂತ್ರವನ್ನು ನೆಲಕ್ಕೆ ಬಿಗಿಯುವುದು
11:40 ಮೋಟಾರು ತಿರುಗುವ ದಿಕ್ಕು
20:05 ಬೆಲ್ಟಿನ ಬಿಗಿತ
33:50 ಕಾಯಿ ಸಿಕ್ಕಿಕೊಂಡಾಗ
41:30 ಬ್ಲೇಡು ಬದಲಾವಣೆ
```

ಮೊದಲ ಸಾಲು 0:00 ಆಗಿರಲೇಬೇಕು. ಕನಿಷ್ಠ ಮೂರು ಸಾಲುಗಳಿದ್ದು ಸಮಯ ಏರುಕ್ರಮದಲ್ಲಿರಬೇಕು. ಪ್ರತಿ ಭಾಗವೂ 10 ಸೆಕೆಂಡಿಗೆ ಕಡಿಮೆಯಿರಬಾರದು. ಸರಿಯಾಗಿದ್ದರೆ ವಿಡಿಯೋದ ಅಡಿಯ ಗೆರೆ ತುಂಡು ತುಂಡಾಗಿ ಕಾಣುತ್ತದೆ. ಗೆರೆ ಅಖಂಡವಾಗಿಯೇ ಉಳಿದರೆ ಮೊದಲು 0:00 ಸಾಲನ್ನು ಪರೀಕ್ಷಿಸತಕ್ಕದ್ದು. ಶೀರ್ಷಿಕೆಗಳನ್ನು ಬಿಡಿಭಾಗದ ಪಟ್ಟಿಯಂತೆ ಬರೆಯದೆ, ಗಿರಾಕಿಯು ಫೋನಿನಲ್ಲಿ ಕೇಳುವ ಮಾತಿನಲ್ಲಿ ಬರೆಯುವುದು ಮೇಲು.

ಇನ್ನು ಮುಖ್ಯ ವಿಷಯ. ಅಧ್ಯಾಯಸೂಚಿಯಿದ್ದಲ್ಲಿ ನೋಡುಗನು ಹಿಂದಿನದನ್ನು ಬಿಟ್ಟು ನೇರವಾಗಿ ಬರುತ್ತಾನೆ. ವಿದ್ಯುತ್ ಸಂಪರ್ಕ ಕಡಿತಗೊಳಿಸಿರೆಂಬ ಎಚ್ಚರಿಕೆಯನ್ನು ಪರಿಚಯದಲ್ಲಿ ಮಾತ್ರ ಹೇಳಿದ್ದರೆ ಅದು ಅವನ ಕಿವಿಗೆ ಬೀಳುವುದೇ ಇಲ್ಲ. ಆದುದರಿಂದ ಕೈ ಹಾಕುವ ಪ್ರತಿ ಭಾಗದ ಆರಂಭದಲ್ಲೂ ಎಚ್ಚರಿಕೆ ಪುನಃ ಬರಬೇಕು. ನಮ್ಮ ಉದಾಹರಣೆಯಲ್ಲಿ ಕಾಯಿ ತೆಗೆಯುವ ಕೆಲಸ ಆರಂಭವಾಗುವುದು 34:20ಕ್ಕೆ. ಆದರೆ ಗುರುತು ಹಾಕಿರುವುದು ಎಚ್ಚರಿಕೆ ಆರಂಭವಾಗುವ 33:50ಕ್ಕೆ.

ಈ ಲೆಕ್ಕ ತಪ್ಪುವುದು ಕತ್ತರಿಸುವಾಗ. ಪರಿಚಯ ಉದ್ದವಾಯಿತೆಂದು ಆರಂಭದ 40 ಸೆಕೆಂಡುಗಳನ್ನು ಯೂಟ್ಯೂಬಿನಲ್ಲಿಯೇ ತೆಗೆದರೆ ವಿಡಿಯೋದ ವಿಳಾಸ ಬದಲಾಗದು, ವಿವರಣೆಯ ಸಮಯಗಳೂ ತಾವಾಗಿ ತಿದ್ದಿಕೊಳ್ಳವು. ಎಚ್ಚರಿಕೆ ಈಗ 33:10ಕ್ಕೆ ಸರಿದಿರುತ್ತದೆ. 33:50ನ್ನು ಒತ್ತಿದವನು ಅದು ಮುಗಿದ ಮೇಲೆ, ಕೈ ಒಳಗಿರುವ ದೃಶ್ಯಕ್ಕೆ ಬಂದು ಇಳಿಯುತ್ತಾನೆ. ಹೀಗಾಗಿ ಅಂತಿಮ ವಿಡಿಯೋವನ್ನು ನೋಡಿಯೇ ಸಮಯ ಬರೆಯಬೇಕು. ಕತ್ತರಿಸಿದಾಗಲೆಲ್ಲ 0:00 ಹೊರತಾಗಿ ಪ್ರತಿ ಸಾಲನ್ನೂ ತಿದ್ದಿ, ಒತ್ತಿ ನೋಡಬೇಕು.

ವಿಡಿಯೋ ಕಡತವನ್ನೇ ವಾಟ್ಸಾಪಿನಲ್ಲಿ ಕಳುಹಿಸಿದರೆ ಈ ಸೂಚಿ ಜೊತೆಗೆ ಹೋಗದು. ಬದಲಿಗೆ ಹಂಚಿಕೆಯ ಕೊಂಡಿಯನ್ನು ಕಳುಹಿಸಬಹುದು. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆ ಮೊದಲೇ ಇದ್ದರೆ ಕೊನೆಗೆ `&t=2030` ಎಂದೂ, ಇಲ್ಲದಿದ್ದರೆ `?t=2030` ಎಂದೂ ಸೇರಿಸಬೇಕು. 33 ನಿಮಿಷ 50 ಸೆಕೆಂಡು ಎಂದರೆ 2030 ಸೆಕೆಂಡು. ವಿಡಿಯೋವನ್ನು ಕತ್ತರಿಸಿದರೆ ಮೊದಲೇ ಕಳುಹಿಸಿದ ಇಂತಹ ಕೊಂಡಿಗಳನ್ನು ತಿದ್ದಲು ಬಾರದು, ಹೊಸದನ್ನೇ ಕಳುಹಿಸಬೇಕಾಗುತ್ತದೆ.