ಎಕ್ಸ್‌ರೇ ನಾರ್ಮಲ್, ಕಾಲಿನ ನೋವು ಮಾತ್ರ ಹಾಗೇ

ಮಾರುಕಟ್ಟೆಯಲ್ಲಿ ಮೂಟೆ ಹೊರುವ 42ರ ಹಮಾಲಿಯೊಬ್ಬರನ್ನು ಊಹಿಸಿಕೊಳ್ಳಿ. ಒಂದು ಬೆಳಗ್ಗೆ ಬಗ್ಗಿ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ವಾರ ಕಳೆಯುವಷ್ಟರಲ್ಲಿ ನೋವು ಕೆಳಗಿಳಿಯಿತು. ಪಿರ್ರೆಯಿಂದ ತೊಡೆಯ ಹೊರಬದಿಗೆ, ಅಲ್ಲಿಂದ ಮೊಣಕಾಲು ದಾಟಿ ಕಾಲಿನ ಹೆಬ್ಬೆರಳಿನವರೆಗೆ. ಕೆಮ್ಮಿದರೂ ಕರೆಂಟ್ ಹೊಡೆದಂತೆ. ಸೊಂಟದ ಎಕ್ಸ್‌ರೇ ತೆಗೆಸಿದರು; ನಾರ್ಮಲ್ ಎಂದು ಬಂತು. ‘ಏನೂ ಇಲ್ಲವಂತೆ’ ಎಂದು ಮನೆಯವರು ನಿಟ್ಟುಸಿರು ಬಿಟ್ಟರು.

ಎಕ್ಸ್‌ರೇ ಸುಳ್ಳು ಹೇಳಿರಲಿಲ್ಲ. ಅದು ತೋರಿಸುವುದು ನೆರಳನ್ನು. ಮೂಳೆಯ ಸುಣ್ಣದಂಶ ಕಿರಣಗಳನ್ನು ತಡೆಯುತ್ತದೆ, ಹಾಗಾಗಿ ಫಿಲ್ಮಿನಲ್ಲಿ ಮೂಳೆ ಬೆಳ್ಳಗೆ ಮೂಡುತ್ತದೆ. ನರ, ಸ್ನಾಯು, ಡಿಸ್ಕ್ ಇವೆಲ್ಲ ಕಿರಣಗಳನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಾಯಗೊಡುವುದರಿಂದ ಒಂದರಿಂದ ಇನ್ನೊಂದನ್ನು ಬೇರ್ಪಡಿಸಲಾಗದ ಬೂದುಬಣ್ಣವಾಗುತ್ತವೆ. ಬೆನ್ನೆಲುಬಿನ ಮಣಿಗಳ ನಡುವೆ ಡಿಸ್ಕ್ ಇರುವ ಜಾಗ ಅಲ್ಲಿ ಬರೀ ಸಂದು. ಸಂದು ಕಿರಿದಾಗಿದ್ದರೆ ಡಿಸ್ಕ್ ಸವೆದಿರಬಹುದು ಎಂದು ವೈದ್ಯರು ಅಂದಾಜಿಸಬಹುದು, ಅಷ್ಟೇ.

ಎಂಆರ್‌ಐ ಹುಡುಕುವುದು ಸುಣ್ಣವನ್ನಲ್ಲ, ಮುಖ್ಯವಾಗಿ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ನನ್ನು. ಸಾಮಾನ್ಯ ಯಂತ್ರವೊಂದರ ಅಯಸ್ಕಾಂತದ ಬಲ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30 ಸಾವಿರ ಪಟ್ಟು. ಈ ಸೆಳೆತದಲ್ಲಿ ಹೈಡ್ರೋಜನ್ನಿನ ಕಣಗಳಲ್ಲಿ ಒಂದು ಸಣ್ಣ ಪಾಲು ಹೆಚ್ಚಾಗಿ ಒಂದೇ ದಿಕ್ಕಿಗೆ ವಾಲುತ್ತದೆ. ರೇಡಿಯೋ ಅಲೆ ಕಳಿಸಿ ಅವನ್ನು ಒಮ್ಮೆ ಕದಲಿಸಿದರೆ, ಹಳೆಯ ಸ್ಥಿತಿಗೆ ಮರಳುವಾಗ ಅವು ಕ್ಷೀಣವಾದ ಸಂಕೇತ ಹೊಮ್ಮಿಸುತ್ತವೆ. ಮರಳಲು ಹಿಡಿಯುವ ಸಮಯ ನೀರಿನಲ್ಲಿ ಒಂದು, ಕೊಬ್ಬಿನಲ್ಲಿ ಇನ್ನೊಂದು, ಸ್ನಾಯುವಿನಲ್ಲಿ ಮತ್ತೊಂದು. ಚಿತ್ರ ಹುಟ್ಟುವುದೇ ಈ ವ್ಯತ್ಯಾಸದಿಂದ. ಯಂತ್ರದೊಳಗೆ ಮಲಗಿದವರನ್ನು ಕಂಗೆಡಿಸುವ ಆ ಟಕಟಕ ಸದ್ದು, ಸಂಕೇತ ಎಲ್ಲಿಂದ ಬಂತೆಂದು ಗುರುತಿಸಲು ನೆರವಾಗುವ ಸುರುಳಿಗಳು ಅದುರುವ ಸದ್ದು.

ನಮ್ಮ ಹಮಾಲಿಯ ಚಿತ್ರವನ್ನು ನೋಡೋಣ. ಟಿ2 ಎಂಬ ಬಗೆಯ ಚಿತ್ರದಲ್ಲಿ ನೀರು ಬೆಳ್ಳಗಿರುತ್ತದೆ. ಆರೋಗ್ಯವಂತ ಡಿಸ್ಕಿನ ನಡುವೆ ನೀರು ತುಂಬಿದ ಲೋಳೆಯಂಥ ತಿರುಳು ಇರುವುದರಿಂದ ಅದು ಹೊಳೆಯುತ್ತದೆ. ಸುತ್ತಲಿನ ನಾರಿನ ಉಂಗುರ ಕಪ್ಪು. ಇವರ ಮೇಲಿನ ಡಿಸ್ಕುಗಳು ಹೊಳೆಯುತ್ತಿವೆ. ಸೊಂಟದ ನಾಲ್ಕನೇ ಮತ್ತು ಐದನೇ ಮಣಿಗಳ ನಡುವಿನ ಡಿಸ್ಕ್ ಮಾತ್ರ ಒಣಗಿ ಕಪ್ಪಾಗಿದೆ. ಒತ್ತಿದ ಕಡುಬು ಒಂದು ಕಡೆ ಬಾಯಿಬಿಟ್ಟು ಹೂರಣ ಇಣುಕುವಂತೆ ಅದರ ತಿರುಳು ಹಿಂದಕ್ಕೆ, ಎಡಕ್ಕೆ ಚಾಚಿದೆ. ನರಗಳನ್ನು ಸುತ್ತುವರಿದ ಬಿಳಿಯ ದ್ರವದ ಚೀಲ ಅಲ್ಲಿ ತಗ್ಗಾಗಿ, ಐದನೇ ನರದ ಬುಡ ಒತ್ತಿಹೋಗಿದೆ.

ಇಷ್ಟಕ್ಕೇ ತೀರ್ಮಾನಕ್ಕೆ ಬರುವಂತಿಲ್ಲ. ವೈದ್ಯರು ಹಿಮ್ಮಡಿಯ ಮೇಲೆ ನಡೆಯಲು ಹೇಳುತ್ತಾರೆ, ಹೆಬ್ಬೆರಳನ್ನು ಮೇಲೆತ್ತಿಸುತ್ತಾರೆ. ಎಡಗಾಲಿನಲ್ಲೇ ಆ ಶಕ್ತಿ ಕುಂದಿದ್ದರೆ, ನೋವೂ ಅದೇ ನರದ ಹಾದಿಯಲ್ಲೇ ಹರಿದಿದ್ದರೆ, ಚಿತ್ರಕ್ಕೆ ಅರ್ಥ ಬಂತು.

ಈ ತಾಳೆ ನೋಡುವಿಕೆ ಯಾಕೆಂದರೆ ಎಂಆರ್‌ಐ ಬೇಡದ್ದನ್ನೂ ತೋರಿಸುತ್ತದೆ. 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಬೆನ್ನುನೋವೇ ಇಲ್ಲದ 98 ಜನರ ಸ್ಕ್ಯಾನ್ ಮಾಡಿಸಿತ್ತು. ಅವರಲ್ಲಿ ಶೇ 52ರಷ್ಟು ಜನರ ಒಂದಾದರೂ ಡಿಸ್ಕ್ ಉಬ್ಬಿತ್ತು! ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂಬ ಪದ ಕಂಡೊಡನೆ ಶಸ್ತ್ರಚಿಕಿತ್ಸೆಯ ಖರ್ಚು ಲೆಕ್ಕ ಹಾಕಲು ಕೂರುವವರು ಈ ಅಂಕಿಯನ್ನು ಓದಬೇಕು. ಕಾಲಿಗಿಳಿದ ಇಂಥ ನೋವೂ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಆದರೆ ಮೂತ್ರ ಕಟ್ಟಿದರೆ, ತೊಡೆಸಂದಿನ ಸುತ್ತ ಮರಗಟ್ಟಿದರೆ, ಕಾಲಿನ ಬಲ ದಿನೇ ದಿನೇ ಕುಸಿದರೆ ಕಾಯುವಂತಿಲ್ಲ. ಸ್ಕ್ಯಾನ್ ತಕ್ಷಣ ಆಗಬೇಕು.

ಮೂಳೆಯ ವಿಷಯದಲ್ಲೂ ಎಕ್ಸ್‌ರೇ ತಡವಾಗಿ ಎಚ್ಚರಗೊಳ್ಳುವುದುಂಟು. ಬೆನ್ನೆಲುಬಿಗೆ ಕ್ಷಯ ತಗುಲಿದಾಗ ಮೂಳೆಯ ಸುಣ್ಣ ಸಾಕಷ್ಟು ಕರಗಿದ ಮೇಲಷ್ಟೇ ಫಿಲ್ಮಿನಲ್ಲಿ ಗುರುತು ಕಾಣುತ್ತದೆ. ಮಜ್ಜೆಯಲ್ಲಿ ಉರಿಯೂತದ ನೀರು ಸೇರತೊಡಗುವಾಗಲೇ ಎಂಆರ್‌ಐಗೆ ಅದು ಗೊತ್ತಾಗುತ್ತದೆ. ಪಕ್ಕದಲ್ಲಿ ಕೀವು ಕಟ್ಟಿದ್ದರೆ ಅದೂ ಕಾಣುತ್ತದೆ.

ಹಾಗೆಂದು ಎಕ್ಸ್‌ರೇ ಮೂಲೆಗೆ ಸೇರಿಲ್ಲ. ಎಂಆರ್‌ಐ ಸಾಮಾನ್ಯವಾಗಿ ಮಲಗಿಸಿ ತೆಗೆಯುವಂಥದ್ದು. ನಿಂತಾಗ ಮುಂದಕ್ಕೆ ಜಾರಿ, ಮಲಗಿದಾಗ ಸ್ವಸ್ಥಾನಕ್ಕೆ ಮರಳುವ ಮಣಿ ಅದರ ಕಣ್ತಪ್ಪಿಸಬಹುದು. ಅಂಥ ಅನುಮಾನವಿದ್ದರೆ ನಿಲ್ಲಿಸಿ, ಬಗ್ಗಿಸಿ ಎಕ್ಸ್‌ರೇ ತೆಗೆಯುತ್ತಾರೆ. ನಮ್ಮ ಹಮಾಲಿ ಹಿಂದೆ ಗ್ಯಾರೇಜಿನಲ್ಲಿ ಗ್ರೈಂಡಿಂಗ್ ಮಾಡುತ್ತಿದ್ದು, ಕಣ್ಣಿಗೆ ಕಬ್ಬಿಣದ ಚೂರು ಸಿಡಿದ ನೆನಪಿದ್ದರೆ, ಎಂಆರ್‌ಐ ಕೋಣೆಯ ಬಾಗಿಲಲ್ಲೇ ತಂತ್ರಜ್ಞರು ಅವರನ್ನು ತಡೆಯುತ್ತಾರೆ. ಒಳಗುಳಿದ ಚೂರನ್ನು ಅಯಸ್ಕಾಂತ ಸೆಳೆದರೆ ಕಣ್ಣೇ ಹೋದೀತು. ಮೊದಲು ಕಣ್ಣಿನದೊಂದು ಎಕ್ಸ್‌ರೇ ಆಗಬೇಕು.