ಸಂದರ್ಶನದ ನಡುವೆ ರಿಕ್ರೂಟರ್ ಬದಲಾದರೆ ಎಲ್ಲವನ್ನೂ ಮತ್ತೆ ಹೇಳಬೇಕಾ? ಒಂದು ಇಮೇಲ್ ಸಾಕು

ಎರಡು ಸುತ್ತಿನ ಸಂದರ್ಶನ ಮುಗಿದಿದೆ. ಆಫರ್ ಲೆಟರ್‌ಗೆ ಕಾಯುತ್ತಿರುವಾಗ ಹೊಸ ರಿಕ್ರೂಟರ್ ಕರೆ ಮಾಡಿ, 'ಇನ್ಮುಂದೆ ನಿಮ್ಮ ಅರ್ಜಿ ನಾನು ನೋಡಿಕೊಳ್ಳುತ್ತೇನೆ, ನಿಮ್ಮ ಬಗ್ಗೆ ಸ್ವಲ್ಪ ಹೇಳಿ' ಎನ್ನುತ್ತಾರೆ. ಹೀಗೇಕೆ ಆಗುತ್ತದೆ, ಏನು ಮಾಡಬೇಕು? ಇಲ್ಲಿದೆ ಮಾಹಿತಿ.

ಉಳಿಯುವುದೇನು, ಕಳೆದುಹೋಗುವುದೇನು?

ಬಹುತೇಕ ದೊಡ್ಡ ಕಂಪನಿಗಳು ಅರ್ಜಿಗಳನ್ನು ಎಟಿಎಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಇಡುತ್ತವೆ. ರೆಸ್ಯೂಮೆ, ಮುಗಿದ ಸುತ್ತುಗಳು, ಸಂದರ್ಶಕರ ಅಭಿಪ್ರಾಯ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಆದರೆ ಫೋನ್‌ನಲ್ಲಿ ಆದ ಮಾತುಕತೆ ಹಳೆಯ ರಿಕ್ರೂಟರ್ ಬರೆದಿಟ್ಟಿದ್ದರೆ ಮಾತ್ರ ಉಳಿಯುತ್ತದೆ. ಹೀಗಾಗಿ ನೀವು ತಿಳಿಸಬೇಕಾದದ್ದು ನಿಮ್ಮ ಇಡೀ ಕಥೆಯನ್ನಲ್ಲ, ದಾಖಲೆಯಲ್ಲಿ ಇಲ್ಲದಿರಬಹುದಾದ ಮಾತನ್ನು.

ಒಂದು ಉದಾಹರಣೆ

ವಾರಾಣಸಿಯಲ್ಲಿ ಕೆಲಸದಲ್ಲಿರುವ ಕನ್ನಡಿಗರೊಬ್ಬರು ಬೆಂಗಳೂರಿನ ಕಂಪನಿಗೆ ಅರ್ಜಿ ಹಾಕಿದ್ದಾರೆ ಎಂದುಕೊಳ್ಳಿ. ಎರಡೂ ಸುತ್ತು ಆನ್‌ಲೈನ್‌ನಲ್ಲಿ ನಡೆದಿವೆ. ವರ್ಷಕ್ಕೆ 9 ಲಕ್ಷ ರೂ. ಸಂಬಳ, 60 ದಿನಗಳ ನೋಟಿಸ್ ಅವಧಿ, ಮೊದಲ 3 ತಿಂಗಳು ವಾರಾಣಸಿಯಿಂದಲೇ ಕೆಲಸ ಎಂಬುದಕ್ಕೆ ಹಳೆಯ ರಿಕ್ರೂಟರ್ ಫೋನ್‌ನಲ್ಲಿ ಒಪ್ಪಿದ್ದರು. ಈಗ ಅವರಿಲ್ಲ.

ಇಂಥ ಸಂದರ್ಭದಲ್ಲಿ ಹೊಸ ಇಮೇಲ್ ಶುರು ಮಾಡಬೇಡಿ. ಹಿಂದಿನ ಸಂದೇಶಗಳಿರುವ ಹಳೆಯ ಇಮೇಲ್ ಅನ್ನೇ ಹೊಸಬರಿಗೆ ಫಾರ್ವರ್ಡ್ ಮಾಡಿ, ಮೇಲೆ ಇಷ್ಟು ಬರೆಯಿರಿ:

'ನನ್ನ ಅರ್ಜಿ ಸಂಖ್ಯೆ ಇದು. ಈ ದಿನಾಂಕಗಳಂದು ಎರಡು ಸುತ್ತು ಮುಗಿದಿವೆ. ಸಂಬಳ 9 ಲಕ್ಷ ರೂ., ನೋಟಿಸ್ ಅವಧಿ 60 ದಿನ, ಮೊದಲ 3 ತಿಂಗಳು ವಾರಾಣಸಿಯಿಂದ ಕೆಲಸ ಎಂದು ಫೋನ್‌ನಲ್ಲಿ ಮಾತಾಗಿತ್ತು. ಇವು ನಿಮ್ಮ ದಾಖಲೆಯಲ್ಲಿವೆಯೇ? ಮುಂದಿನ ಹಂತ ಯಾವುದು?'

ಬಳಿಕ ಕರೆ ಬಂದು ಅವೇ ಪ್ರಶ್ನೆಗಳು ಎದುರಾದರೆ, ಎರಡು ವಾಕ್ಯದಲ್ಲಿ ಪರಿಚಯ ಹೇಳಿ, 'ವಿವರ ಇಮೇಲ್‌ನಲ್ಲಿದೆ, ಬಿಟ್ಟುಹೋಗಿದ್ದು ಏನಾದರೂ ಇದ್ದರೆ ಕೇಳಿ' ಎನ್ನಿ. ಮುಗಿದ ಸುತ್ತನ್ನೇ ಮತ್ತೆ ಮಾಡಲು ಹೇಳಿದರೆ, ಹಿಂದಿನ ಸಂದರ್ಶಕರ ಅಭಿಪ್ರಾಯವನ್ನು ಒಮ್ಮೆ ನೋಡುವಂತೆ ವಿನಂತಿಸಿ.

ಈ ತಪ್ಪು ಮಾಡಬೇಡಿ

ಉತ್ತರ ತಡವಾಯಿತೆಂದು ಅದೇ ಹುದ್ದೆಗೆ ಮತ್ತೆ ಅರ್ಜಿ ಹಾಕಬೇಡಿ. ನಿಮ್ಮ ಹೆಸರಲ್ಲಿ ಎರಡು ದಾಖಲೆಗಳಾಗಿ, ಹಳೆಯ ಸಂದರ್ಶನದ ವಿವರ ಒಂದರಲ್ಲೇ ಉಳಿಯಬಹುದು.

ಕರೆ ಮಾಡಿದವರು ನಿಜವಾಗಿಯೂ ಆ ಕಂಪನಿಯವರೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಕಂಪನಿಯ ಅಧಿಕೃತ ಇಮೇಲ್ ವಿಳಾಸದಿಂದ ಸಂದೇಶ ಬರುವವರೆಗೆ ಆಧಾರ್, ಸಂಬಳದ ಸ್ಲಿಪ್ ಕಳುಹಿಸಬೇಡಿ. ನೋಂದಣಿ ಶುಲ್ಕ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಹಣ ಕಳೆದುಕೊಂಡಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ.

ರಾಜೀನಾಮೆಗೆ ಮುನ್ನ

ಹಳೆಯ ರಿಕ್ರೂಟರ್ ಬಾಯಿಮಾತಲ್ಲಿ ಒಪ್ಪಿದ್ದನ್ನು ಹೊಸಬರು ಒಪ್ಪಲೇಬೇಕೆಂದಿಲ್ಲ. 'ಮೊದಲ ದಿನದಿಂದಲೇ ಬೆಂಗಳೂರಿಗೆ ಬರಬೇಕು' ಎಂದರೆ, ನಿಮ್ಮನ್ನು ಆಯ್ಕೆ ಮಾಡಿದ ತಂಡದ ಮ್ಯಾನೇಜರ್ ಬಳಿ ವಿಚಾರಿಸುವಂತೆ ಕೇಳಿ. ಆ 3 ತಿಂಗಳ ಮಾತು ಆಫರ್ ಲೆಟರ್‌ನಲ್ಲಿ ಅಥವಾ ಕಂಪನಿಯ ಇಮೇಲ್‌ನಲ್ಲಿ ಬರಹದಲ್ಲಿ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.